ತಾರಸಿ ನಿಮ್ಮದು, ಪ್ಯಾನೆಲ್ ಕಂಪನಿಯದು: ದುಡ್ಡು ಕೊಡುವುದು ಯಾವ ಯೂನಿಟ್‌ಗೆ?

ಸೋಲಾರ್ ಕಂಪನಿಯವರು ಕಟ್ಟಡದ ಮಾಲೀಕರ ಮುಂದೆ ಇಡುವ ಮಾತು ಕೇಳಲು ಸರಳ. ನಿಮ್ಮ ತಾರಸಿಯ ಮೇಲೆ ನಾವೇ ಪ್ಯಾನೆಲ್ ಹಾಕುತ್ತೇವೆ. ಬಂಡವಾಳ ನಮ್ಮದು. ತೊಳೆಯುವುದು, ರಿಪೇರಿ, ವಿಮೆ, ಇನ್ವರ್ಟರ್ ಕೆಟ್ಟರೆ ಬದಲಿಸುವುದು ಎಲ್ಲಾ ನಮ್ಮದೇ. ನೀವು ಬಳಸಿದ ಕರೆಂಟಿಗೆ ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಸಾಕು. ಅದೂ ಈಗ ಗ್ರಿಡ್‌ಗೆ ಕೊಡುತ್ತಿರುವುದಕ್ಕಿಂತ ಕಡಿಮೆ ದರ.

ಈ ಮಾತಿನಲ್ಲಿ ಎಚ್ಚರದಿಂದ ನೋಡಬೇಕಾದ ಪದ ಒಂದೇ: "ಬಳಸಿದ". ಇಂಥ ಬಹುತೇಕ ಒಪ್ಪಂದಗಳಲ್ಲಿ ನೀವು ದುಡ್ಡು ಕೊಡುವುದು ಬಳಸಿದ ಯೂನಿಟ್‌ಗೆ ಅಲ್ಲ, ಪ್ಯಾನೆಲ್ ಉತ್ಪಾದಿಸಿದ ಯೂನಿಟ್‌ಗೆ. ಕೆಲವು ಸಲ ಉತ್ಪಾದಿಸಬಹುದಾಗಿದ್ದ, ಆದರೆ ಉತ್ಪಾದಿಸದ ಯೂನಿಟ್‌ಗೂ ಕೊಡಬೇಕಾಗುತ್ತದೆ. ಮಧ್ಯದಲ್ಲಿ ಬಿಟ್ಟು ಹೋದರೆ, ಇನ್ನೂ ಹುಟ್ಟದ ಯೂನಿಟ್‌ಗೂ ಕೊಡಬೇಕು. ಲಾಭವೋ ನಷ್ಟವೋ ಎಂಬುದು ಈ ವ್ಯತ್ಯಾಸದಲ್ಲೇ ತೀರ್ಮಾನವಾಗುತ್ತದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುವ ದರದಲ್ಲಿ ಅಲ್ಲ.

ಈ ಪದ್ಧತಿ ತೀರಾ ಹೊಸದೇನಲ್ಲ. 2003ರಲ್ಲಿ ಜಿಗರ್ ಶಾ ಅಮೆರಿಕದಲ್ಲಿ ಸನ್‌ಎಡಿಸನ್ ಕಂಪನಿ ಶುರು ಮಾಡಿದರು. ಪ್ಯಾನೆಲ್ ಮಾರುವ ಬದಲು ಕರೆಂಟು ಮಾರೋಣ ಎಂಬ ಈ ದಾರಿಯನ್ನು ವ್ಯಾಪಾರಿ ಕಟ್ಟಡಗಳಲ್ಲಿ ರೂಢಿಗೆ ತಂದದ್ದು ಆ ಕಂಪನಿ. 2006ರಲ್ಲಿ ಹುಟ್ಟಿದ ಸೋಲಾರ್‌ಸಿಟಿ ಇದನ್ನು ಮನೆಗಳ ತನಕ ಒಯ್ದಿತು. ಗ್ರಿಡ್ ಕಂಪನಿಗಳು ಸುಮ್ಮನೆ ಕೂರಲಿಲ್ಲ. ಕರೆಂಟು ಮಾರಲು ಇವರು ಯಾರು ಎಂದು ಕೇಳಿದವು. ಅಯೋವಾ ರಾಜ್ಯದ ಡುಬ್ಯೂಕ್ ನಗರಾಡಳಿತದ ಒಂದು ಕಟ್ಟಡದ ವಿಚಾರ ಕೋರ್ಟಿಗೆ ಹೋಯಿತು. ಆ ಕಟ್ಟಡಕ್ಕೆ ಅದರದೇ ತಾರಸಿಯಿಂದ ಕರೆಂಟು ಕೊಡುವವರು ಸಾರ್ವಜನಿಕ ವಿದ್ಯುತ್ ಸಂಸ್ಥೆ ಆಗುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಹೀಗೆ ಮಾರಲು ಅವಕಾಶವಿಲ್ಲದ ಕಡೆ ಕಂಪನಿಗಳು ಯೂನಿಟ್ ದರದ ಬದಲು ಲೀಸ್ ಮಾದರಿ ತರುತ್ತವೆ. ಅದರಲ್ಲಿ ತಿಂಗಳಿಗೆ ಇಷ್ಟು ಎಂದು ಬಾಡಿಗೆ, ಬಿಸಿಲು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ.

ಈಗ ಇದು ಮತ್ತೆ ಚರ್ಚೆಗೆ ಬಂದಿರುವುದಕ್ಕೆ ಒಂದು ಕಾರಣ ತೆರಿಗೆ. ಮನೆಯವರೇ ಕೊಂಡ ಪ್ಯಾನೆಲ್‌ಗೆ ಅಮೆರಿಕದಲ್ಲಿ ಸಿಗುತ್ತಿದ್ದ ಕೇಂದ್ರ ತೆರಿಗೆ ರಿಯಾಯಿತಿ 2025ರ ಕೊನೆಗೆ ನಿಂತಿತು. ಕಂಪನಿಯ ಒಡೆತನದ ಘಟಕಗಳಿಗೆ ಮಾತ್ರ ಇನ್ನೂ ಸ್ವಲ್ಪ ಕಾಲಾವಕಾಶ ಉಳಿಯಿತು. ಕೊಳ್ಳಬೇಕು ಎಂದುಕೊಂಡಿದ್ದವರನ್ನೂ ಇದು ಒಪ್ಪಂದದ ಕಡೆ ತಳ್ಳುತ್ತದೆ. ಬೇರೆ ದೇಶಗಳಲ್ಲಿ ಕಾರಣ ಬೇರೆ ಇರಬಹುದು. ಆದರೆ ಈ ಪದ್ಧತಿಯನ್ನು ರೆಸ್ಕೊ ಎನ್ನಿ, ಒಪೆಕ್ಸ್ ಎನ್ನಿ, ಪಿಪಿಎ ಎನ್ನಿ, ಒಳಗಿನ ಲೆಕ್ಕ ಎಲ್ಲ ಕಡೆಯೂ ಒಂದೇ.

ಆ ಲೆಕ್ಕವನ್ನು ಒಂದು ಕಟ್ಟಡ ಇಟ್ಟುಕೊಂಡೇ ನೋಡೋಣ. ವಾರಕ್ಕೆ ಆರು ದಿನ ಹಗಲು ಕೆಲಸ ಮಾಡುವ ಒಂದು ವರ್ಕ್‌ಶಾಪ್ ಅಂದುಕೊಳ್ಳಿ. ಮಧ್ಯಾಹ್ನ ಅದರ ಲೋಡ್ ಸುಮಾರು 50 ಕಿಲೋವ್ಯಾಟ್. ರಜಾ ದಿನ ಬರೀ 6 ಕಿಲೋವ್ಯಾಟ್. ಹಣವನ್ನು ಯಾವ ದೇಶದ್ದೂ ಅಲ್ಲದ ನಾಣ್ಯದಲ್ಲಿ ಎಣಿಸೋಣ. 100 ಕಾಸು ಸೇರಿದರೆ ಒಂದು ನಾಣ್ಯ. ಮಾಲೀಕರು ತಮ್ಮ ಬಿಲ್ ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿದಾಗ ಯೂನಿಟ್‌ಗೆ 100 ಕಾಸು ಬಂತು. ಕಂಪನಿ 65 ಕಾಸಿಗೆ ಕೊಡುತ್ತೇನೆ ಎನ್ನುತ್ತದೆ. ಹಾಗಾದರೆ ಯೂನಿಟ್‌ಗೆ 35 ಕಾಸು ಉಳಿತಾಯ, ಅಲ್ವಾ?

ಅಲ್ಲ. ಬಿಲ್‌ನಲ್ಲಿ ಎರಡು ಬಗೆಯ ಹಣ ಇರುತ್ತದೆ. ಒಂದು, ಸುಟ್ಟ ಯೂನಿಟ್‌ಗೆ ಕೊಡುವುದು. ಇನ್ನೊಂದು, ಸಂಪರ್ಕ ಇಟ್ಟುಕೊಂಡದ್ದಕ್ಕೆ ಕೊಡುವ ನಿಗದಿತ ಶುಲ್ಕ ಮತ್ತು ಡಿಮ್ಯಾಂಡ್ ಶುಲ್ಕ. ತಿಂಗಳಲ್ಲಿ ಯಾವುದೋ ಒಂದು ಹೊತ್ತು ನಿಮ್ಮ ಲೋಡ್ ಎಷ್ಟು ಎತ್ತರಕ್ಕೆ ಹೋಯಿತು ಎಂಬುದರ ಮೇಲೆ ಡಿಮ್ಯಾಂಡ್ ಶುಲ್ಕ ಬೀಳುತ್ತದೆ. 29 ದಿನ ಚೆನ್ನಾಗಿ ಬಿಸಿಲಿದ್ದು ಒಂದೇ ಒಂದು ಮಧ್ಯಾಹ್ನ ಮೋಡ ಕವಿದರೂ ಸಾಕು, ಆ ತಿಂಗಳ ಡಿಮ್ಯಾಂಡ್ ಹೆಚ್ಚುಕಮ್ಮಿ ಮೊದಲಿನಷ್ಟೇ ನಿಲ್ಲುತ್ತದೆ. ಸಂಜೆ ಕೆಲಸ ಜಾಸ್ತಿ ಇರುವ ಕಟ್ಟಡದಲ್ಲಿ ಸೋಲಾರ್ ಆ ಶುಲ್ಕವನ್ನು ಮುಟ್ಟುವುದೇ ಇಲ್ಲ. ನಮ್ಮ ವರ್ಕ್‌ಶಾಪ್‌ನ 100 ಕಾಸಿನಲ್ಲಿ ಈ ಭಾಗ 25 ಕಾಸು ಎಂದುಕೊಳ್ಳಿ. ಸೋಲಾರ್ ಬಂದ ಮೇಲೆ ನಿಜವಾಗಿ ತಪ್ಪುವುದು ಉಳಿದ 75 ಮಾತ್ರ. ಉಳಿತಾಯ ಯೂನಿಟ್‌ಗೆ 10 ಕಾಸು, 35 ಅಲ್ಲ.

ಆದ್ದರಿಂದ ನಾನು ಮೊದಲು ನೋಡುವುದು ಕಂಪನಿಯ ಪ್ರಸ್ತಾವವನ್ನಲ್ಲ, ಹಳೆಯ 12 ಬಿಲ್‌ಗಳನ್ನು. ಅವುಗಳಲ್ಲಿ ಯೂನಿಟ್‌ಗೆ ಕಟ್ಟುವ ಸಾಲು ಯಾವುದು ಎಂದು ಗುರುತು ಹಾಕಿಕೊಳ್ಳಬೇಕು. ಹೊತ್ತಿಗೊಂದು ದರ ಇರುವ ಕಡೆ ಹಗಲಿನ ದರವನ್ನೇ ತೆಗೆದುಕೊಳ್ಳಬೇಕು. ಸೋಲಾರ್ ಹೆಚ್ಚಾದ ಗ್ರಿಡ್‌ಗಳಲ್ಲಿ ಮಧ್ಯಾಹ್ನದ ಕರೆಂಟು ಅಗ್ಗವಾಗುತ್ತಾ ಬಂದಿದೆ. ನಿಮ್ಮ ಪ್ಯಾನೆಲ್ ದುಡಿಯುವುದೂ ಅದೇ ಹೊತ್ತಿನಲ್ಲಿ.

ಈಗ ಘಟಕದ ಅಳತೆಗೆ ಬರೋಣ. ತಾರಸಿಯಲ್ಲಿ ಜಾಗ ಇದೆ, 100 ಕಿಲೋವ್ಯಾಟ್ ಹಾಕಿಬಿಡೋಣ ಎನ್ನುತ್ತದೆ ಕಂಪನಿ. ಒಳ್ಳೆಯ ಬಿಸಿಲಿನ ಜಾಗದಲ್ಲಿ ಒಂದು ಕಿಲೋವ್ಯಾಟ್‌ಗೆ ವರ್ಷಕ್ಕೆ 1,400 ಯೂನಿಟ್ ಬರುತ್ತದೆ ಎಂದು ಹಿಡಿದರೆ ಒಟ್ಟು 1,40,000 ಯೂನಿಟ್. ಆದರೆ ವರ್ಕ್‌ಶಾಪ್ ಅಷ್ಟನ್ನೂ ಹುಟ್ಟಿದ ಹೊತ್ತಿಗೇ ಬಳಸಲಾರದು. ರಜಾ ದಿನದ ಉತ್ಪಾದನೆಯ ಬಹುಪಾಲು ಹೊರಗೆ ಹೋಗುತ್ತದೆ. ಕೆಲಸದ ದಿನವೂ ನಡುಹಗಲಿನಲ್ಲಿ 50 ಕಿಲೋವ್ಯಾಟ್ ಮೀರಿದ್ದೆಲ್ಲ ಗ್ರಿಡ್‌ಗೆ ಹರಿಯುತ್ತದೆ. 98,000 ಯೂನಿಟ್ ಒಳಗೆ ಬಳಕೆಯಾಯಿತು, 42,000 ಹೊರಗೆ ಹೋಯಿತು ಅಂದುಕೊಳ್ಳಿ.

ಮಾಲೀಕರು ಕಂಪನಿಗೆ 1,40,000 ಯೂನಿಟ್‌ಗೂ 65 ಕಾಸಿನಂತೆ ಕೊಡುತ್ತಾರೆ. ಬಿಲ್ ಹಾಕುವುದು ಇನ್ವರ್ಟರ್‌ನ ಆಚೆ ಕೂರಿಸಿದ ಉತ್ಪಾದನಾ ಮೀಟರ್ ನೋಡಿ. ಆ ಕರೆಂಟು ಎಲ್ಲಿಗೆ ಹೋಯಿತು ಎಂಬುದು ಆ ಮೀಟರ್‌ಗೆ ಗೊತ್ತಾಗುವುದಿಲ್ಲ. ಹೊರಗೆ ಹೋದ ಕರೆಂಟಿಗೆ ಗ್ರಿಡ್ ಏನು ಕೊಡುತ್ತದೆ ಎಂಬುದು ಮಾಲೀಕರ ಪಾಡು.

ನೆಟ್ ಮೀಟರಿಂಗ್ ಇದ್ದರೆ ತೊಂದರೆ ಇಲ್ಲ. ಹೊರಗೆ ಕೊಟ್ಟ ಒಂದು ಯೂನಿಟ್‌ಗೆ ಬಿಲ್‌ನಲ್ಲಿ ಒಂದು ಯೂನಿಟ್ ಕಳೆಯುತ್ತಾರೆ. ಎಲ್ಲ ಯೂನಿಟ್‌ಗೂ 10 ಕಾಸು ಉಳಿದು ವರ್ಷಕ್ಕೆ 14,000 ನಾಣ್ಯ ಲಾಭ. ಆದರೆ ನೆಟ್ ಬಿಲ್ಲಿಂಗ್ ಇದ್ದ ಕಡೆ ಹೊರಗೆ ಹೋದ ಯೂನಿಟ್‌ಗೆ ಬೇರೆಯೇ ದರ, ಸಾಮಾನ್ಯವಾಗಿ ತುಂಬಾ ಕಡಿಮೆ. ಅದು 30 ಕಾಸು ಎಂದಿಟ್ಟುಕೊಳ್ಳಿ. ಒಳಗೆ ಬಳಸಿದ 98,000 ಯೂನಿಟ್‌ನಿಂದ 9,800 ನಾಣ್ಯ ಉಳಿಯಿತು. ಹೊರಗೆ ಹೋದ ಒಂದೊಂದು ಯೂನಿಟ್‌ಗೂ 65 ಕೊಟ್ಟು 30 ಪಡೆದದ್ದರಿಂದ 35 ಕಾಸು ಹೋಯಿತು. 42,000 ಯೂನಿಟ್‌ಗೆ ಅದು 14,700 ನಾಣ್ಯ. ಕೊನೆಗೆ ವರ್ಷಕ್ಕೆ 4,900 ನಾಣ್ಯ ನಷ್ಟ. ಗ್ರಿಡ್‌ಗಿಂತ ಅಗ್ಗದ ದರಕ್ಕೆ ಸಹಿ ಹಾಕಿದವರ ಕೈಯಿಂದಲೇ ಹಣ ಹೋಗುತ್ತಿದೆ.

ಅದೇ ತಾರಸಿಗೆ 60 ಕಿಲೋವ್ಯಾಟ್ ಮಾತ್ರ ಹಾಕಿದರೆ ಚಿತ್ರವೇ ಬದಲಾಗುತ್ತದೆ. ಉತ್ಪಾದನೆ 84,000 ಯೂನಿಟ್. ಕೆಲಸದ ದಿನ ಹುಟ್ಟಿದ್ದೆಲ್ಲ ಒಳಗೇ ಬಳಕೆಯಾಗುತ್ತದೆ, ಯಾಕೆಂದರೆ 60 ಕಿಲೋವ್ಯಾಟ್ ಪ್ಯಾನೆಲ್‌ನಿಂದ ಮೀಟರ್‌ಗೆ ಬರುವುದು ಉತ್ತಮ ಹೊತ್ತಿನಲ್ಲೂ 50ರ ಒಳಗೇ ಇರುತ್ತದೆ. ಬಿಸಿ, ಧೂಳು, ತಂತಿ ಸೇರಿ ಉಳಿದದ್ದನ್ನು ತಿಂದಿರುತ್ತವೆ. ಹೊರಗೆ ಹೋಗುವುದು ರಜಾ ದಿನದ್ದು ಮಾತ್ರ, ಸುಮಾರು 9,000 ಯೂನಿಟ್. ಒಳಗಿನ 75,000 ಯೂನಿಟ್‌ನಿಂದ 7,500 ನಾಣ್ಯ ಬಂತು, ಹೊರಗಿನದರಿಂದ 3,150 ಹೋಯಿತು. ಕೈಯಲ್ಲಿ 4,350 ನಾಣ್ಯ ಉಳಿಯಿತು. ದರ ಅದೇ 65, ಕಂಪನಿ ಅದೇ, ತಾರಸಿ ಅದೇ. ಬದಲಾದದ್ದು ಅಳತೆ ಒಂದೇ.

ಇಲ್ಲಿ ಇಬ್ಬರ ಹಿತ ಬೇರೆಬೇರೆ ದಾರಿ ಹಿಡಿಯುತ್ತದೆ ಎನ್ನುವುದನ್ನು ಒತ್ತಿ ಹೇಳಬೇಕು. ಘಟಕ ದೊಡ್ಡದಾದಷ್ಟೂ ಕಂಪನಿಗೆ ಒಂದು ಕಿಲೋವ್ಯಾಟ್‌ನ ಖರ್ಚು ಇಳಿಯುತ್ತದೆ, ಮಾರುವ ಯೂನಿಟ್ ಹೆಚ್ಚುತ್ತದೆ. ಎಲ್ಲ ಯೂನಿಟ್‌ಗೂ ದುಡ್ಡು ಖಾತ್ರಿ ಇರುವಾಗ ಅದು ಸಣ್ಣ ಘಟಕ ಹಾಕಲು ಕಾರಣವೇ ಇಲ್ಲ. ಹಾಗಾಗಿ ಅಳತೆಯನ್ನು ತಾರಸಿಯ ಜಾಗ ನೋಡಿ ತೀರ್ಮಾನಿಸಬಾರದು, ಲೋಡ್ ನೋಡಿ ತೀರ್ಮಾನಿಸಬೇಕು. ಅದಕ್ಕೆ ಬೇಕಾದ್ದು ಅರ್ಧ ಗಂಟೆಗೊಮ್ಮೆ ಬರೆದುಕೊಂಡ ಒಂದು ವರ್ಷದ ಲೋಡ್ ವಿವರ. ಸ್ಮಾರ್ಟ್ ಮೀಟರ್ ಇದ್ದರೆ ಅದರಿಂದಲೇ ಸಿಗುತ್ತದೆ. ಇಲ್ಲದಿದ್ದರೆ ಕೆಲವು ವಾರ, ಲೋಡ್ ಬರೆದಿಡುವ ಲಾಗರ್ ಕಟ್ಟಿ ನೋಡಬೇಕು. ತಿಂಗಳ ಒಟ್ಟು ಯೂನಿಟ್ ಮಾತ್ರ ನೋಡಿ ಅಳತೆ ಹೇಳುವ ಪ್ರಸ್ತಾವ ಬಂದರೆ, ರಜಾ ದಿನದ ಕರೆಂಟು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಲೆಕ್ಕದ ರೂಪದಲ್ಲೇ ಬರಬೇಕು.

ದರ ವರ್ಷಕ್ಕೆ ಇಷ್ಟು ಏರುತ್ತದೆ ಎಂಬ ಷರತ್ತು ಎಲ್ಲರಿಗೂ ಗೊತ್ತಿರುವಂಥದ್ದು, ಅದಕ್ಕೆ ಒಂದೆರಡು ಮಾತು ಸಾಕು. 72 ಕಾಸು ಕೊನೆಯ ತನಕ ಸ್ಥಿರ ಎನ್ನುವ ಪ್ರಸ್ತಾವ, 60ರಿಂದ ಶುರುವಾಗಿ ವರ್ಷಕ್ಕೆ ಶೇಕಡಾ 3 ಏರುವ ಪ್ರಸ್ತಾವ, ಎರಡೂ ಪಕ್ಕಪಕ್ಕ ಇದ್ದರೆ 60 ಅಗ್ಗ ಅನಿಸುತ್ತದೆ. 8ನೇ ವರ್ಷಕ್ಕೆ ಅದು 72 ದಾಟುತ್ತದೆ. 20ನೇ ವರ್ಷಕ್ಕೆ 105 ಆಗುತ್ತದೆ. ಗ್ರಿಡ್ ದರವೂ ಏರುತ್ತದಲ್ಲಾ ಎನ್ನುತ್ತಾರೆ. ಏರಬಹುದು. ಆದರೆ ಆ ಏರಿಕೆ ಡಿಮ್ಯಾಂಡ್ ಶುಲ್ಕದಲ್ಲಿ ಆದರೆ, ಅಥವಾ ಸಂಜೆಯ ದರದಲ್ಲಿ ಆದರೆ, ನಿಮ್ಮ ತಾರಸಿಯ ಕರೆಂಟಿಗೆ ಅದರಿಂದ ಏನೂ ಲಾಭವಿಲ್ಲ.

ಇನ್ನು ಉತ್ಪಾದಿಸಬಹುದಾಗಿದ್ದ ಯೂನಿಟ್. ಒಪ್ಪಂದದಲ್ಲಿ ಇದಕ್ಕೆ ಡೀಮ್ಡ್ ಜನರೇಷನ್ ಎಂಬ ಹೆಸರು. ಕಂಪನಿಯ ತಪ್ಪಿಲ್ಲದೆ ಘಟಕ ನಿಂತರೆ, ನಡೆದಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟಕ್ಕೆ ಮಾಲೀಕರು ದುಡ್ಡು ಕೊಡಬೇಕು ಎಂಬುದು ಇದರ ಸಾರ. ಕಂಪನಿ ಹೀಗೆ ಕೇಳುವುದು ಅನ್ಯಾಯವೇನಲ್ಲ. ಅದು ಬ್ಯಾಂಕ್ ಸಾಲ ತಂದು ನಿಮ್ಮ ತಾರಸಿಯಲ್ಲಿ ಸುರಿದಿದೆ, ಕಂತು ನಿಲ್ಲುವುದಿಲ್ಲ. ಪ್ರಶ್ನೆ ಇರುವುದು "ಕಂಪನಿಯ ತಪ್ಪಿಲ್ಲದೆ" ಎಂಬುದರ ಒಳಗೆ ಏನೇನು ಸೇರಿದೆ ಎನ್ನುವುದರಲ್ಲಿ.

ಮೊದಲನೆಯದು ಗ್ರಿಡ್ ಹೋಗುವುದು. ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರ್ ಇನ್ವರ್ಟರ್, ಗ್ರಿಡ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಅದು ದೋಷವಲ್ಲ, ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು ಇರುವ ವ್ಯವಸ್ಥೆ. ಕರೆಂಟು ಹೋದ ಗಂಟೆಗಳಿಗೆ ದುಡ್ಡು ಯಾರದು? ತಿಂಗಳಿಗೆ ಇಷ್ಟು ಗಂಟೆ ತನಕ ಕಂಪನಿಯ ಪಾಲು, ಅದರ ಮೇಲೆ ಮಾಲೀಕರ ಪಾಲು ಎಂದು ಕೆಲವು ಒಪ್ಪಂದಗಳಲ್ಲಿ ಬರೆದಿರುತ್ತದೆ. ಗ್ರಿಡ್ ಮೇಲೆ ಮಾಲೀಕರಿಗೆ ಹಿಡಿತವೇ ಇಲ್ಲವಾದ್ದರಿಂದ, ಈ ಬಾಬತ್ತು ಡೀಮ್ಡ್ ಲೆಕ್ಕದಿಂದ ಪೂರ್ತಿ ಹೊರಗೆ ಇರಬೇಕು ಎಂಬುದು ನನ್ನ ಅಭಿಪ್ರಾಯ. ಎರಡನೆಯದು, ಗ್ರಿಡ್‌ಗೆ ಕರೆಂಟು ಬಿಡಲು ಅನುಮತಿಯೇ ಇಲ್ಲದ ಕಡೆ ಇನ್ವರ್ಟರ್ ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ತಗ್ಗಿದ್ದಕ್ಕೂ ದುಡ್ಡು ಕೇಳಿದರೆ, ಮೇಲೆ ನೋಡಿದ ಅಳತೆಯ ಸಮಸ್ಯೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂದ ಹಾಗೆ.

ಮೂರನೆಯದು ತಾರಸಿಯ ರಿಪೇರಿ, ಜಗಳ ಹೆಚ್ಚು ಆಗುವುದೂ ಇದರಲ್ಲೇ. ಒಪ್ಪಂದ 20–25 ವರ್ಷದ್ದು. ತಾರಸಿಗೆ ಹಾಕಿದ ನೀರು ಸೋರದ ಪದರ ಅಷ್ಟು ವರ್ಷ ಬಾಳುವುದು ಕಡಿಮೆ. ಅಂದರೆ ಮಧ್ಯದಲ್ಲಿ ಒಮ್ಮೆಯಾದರೂ ಪ್ಯಾನೆಲ್ ಎತ್ತಬೇಕಾಗುತ್ತದೆ. ನಮ್ಮ 60 ಕಿಲೋವ್ಯಾಟ್ ಘಟಕ ದಿನಕ್ಕೆ ಸರಾಸರಿ 230 ಯೂನಿಟ್ ಕೊಡುತ್ತದೆ. 15 ದಿನ ನಿಂತರೆ 3,450 ಯೂನಿಟ್, 65 ಕಾಸಿನಂತೆ ಸುಮಾರು 2,240 ನಾಣ್ಯ. ಇದು ಇಡೀ ವರ್ಷದ ಲಾಭದ ಅರ್ಧ. ಆ 15 ದಿನ ಗ್ರಿಡ್‌ನಿಂದ ತೆಗೆದುಕೊಂಡ ಕರೆಂಟಿಗೆ ಬೇರೆ ಕೊಡಬೇಕು. ಬಿಚ್ಚಿ ಮತ್ತೆ ಕಟ್ಟುವ ಕೂಲಿಯೂ ಅದರ ಮೇಲೆ.

ಹಾಗಾಗಿ ತಾರಸಿ ಹಳೆಯದಾಗಿದ್ದರೆ ಪ್ಯಾನೆಲ್ ಬರುವ ಮುಂಚೆಯೇ ಅದರ ಕೆಲಸ ಮುಗಿಸಬೇಕು. ಒಪ್ಪಂದದ ಅವಧಿಯಲ್ಲಿ ಇಷ್ಟು ದಿನ ರಿಪೇರಿಗೆ ಮುಕ್ತ ಎಂದು ಬರೆಸಿಕೊಳ್ಳಬೇಕು. ಸೋರಿಕೆ ಕಂಡರೆ ತಪ್ಪು ಯಾರದು ಎಂದು ಆಮೇಲೆ ವಾದ ಬೆಳೆಯುತ್ತದೆ. ಅದಕ್ಕೆ ಕೆಲಸ ಶುರುವಾಗುವ ಮೊದಲು ತಾರಸಿಯಲ್ಲಿ ನೀರು ನಿಲ್ಲಿಸಿ ಪರೀಕ್ಷೆ ಮಾಡಿ, ಇಬ್ಬರೂ ಫೋಟೊ ಸಮೇತ ಸಹಿ ಹಾಕಿದ ಒಂದು ದಾಖಲೆ ಇರಬೇಕು. ಚೌಕಟ್ಟನ್ನು ಕಾಂಕ್ರೀಟಿಗೆ ತೂತು ಹೊಡೆದು ಕೂರಿಸುತ್ತಾರೋ, ಬರೀ ತೂಕದ ಕಲ್ಲಿಟ್ಟು ಕೂರಿಸುತ್ತಾರೋ ಎಂಬುದೂ ಅದರಲ್ಲಿ ಇರಲಿ.

ಡೀಮ್ಡ್ ಯೂನಿಟ್ ಎಷ್ಟು ಎಂದು ಲೆಕ್ಕ ಹಾಕುವ ರೀತಿಯಲ್ಲೂ ಹಣ ಇದೆ. ಹಿಂದಿನ ತಿಂಗಳ ಸರಾಸರಿ ಎಂದು ಬರೆದಿದ್ದರೆ, ಬೇಸಿಗೆಯ ಸರಾಸರಿಯಲ್ಲಿ ಮಳೆಗಾಲಕ್ಕೆ ದುಡ್ಡು ಕೊಡುತ್ತೀರಿ. ತಾರಸಿಯಲ್ಲೇ ಬಿಸಿಲು ಅಳೆಯುವ ಸೆನ್ಸರ್ ಇಟ್ಟು ಆ ದಿನದ ಬಿಸಿಲಿಗೆ ತಕ್ಕಂತೆ ಲೆಕ್ಕ ಹಾಕುವುದು ನ್ಯಾಯ. ಅದಿಲ್ಲದಿದ್ದರೆ ಹಿಂದಿನ ವರ್ಷದ ಅದೇ ತಿಂಗಳಿನದು.

ಈ ಮಾದರಿಯಲ್ಲಿ ನಿಜಕ್ಕೂ ಒಳ್ಳೆಯದೊಂದಿದೆ. ಪ್ಯಾನೆಲ್ ಮೇಲೆ ಧೂಳು ಕೂತರೆ, ಇನ್ವರ್ಟರ್ ಸುಟ್ಟರೆ, ಒಂದು ಸಾಲು ಪ್ಯಾನೆಲ್ ಕೆಲಸ ನಿಲ್ಲಿಸಿದರೆ ನಷ್ಟ ಕಂಪನಿಗೆ. ನೀವು ಫೋನ್ ಮಾಡುವ ಮೊದಲೇ ಅವರು ಓಡಿ ಬರುತ್ತಾರೆ. ಸ್ವಂತ ಘಟಕ ಹಾಕಿಸಿದ ಎಷ್ಟೋ ಕಟ್ಟಡಗಳಲ್ಲಿ ಇನ್ವರ್ಟರ್ ತಿಂಗಳುಗಟ್ಟಲೆ ನಿಂತಿದ್ದರೂ ಯಾರೂ ನೋಡಿರುವುದಿಲ್ಲ. ಆದರೆ ಕಂಪನಿಯೇ ಬಿದ್ದರೆ ಈ ಕಾಳಜಿಯೂ ಹೋಗುತ್ತದೆ. ಈ ಪದ್ಧತಿ ಬೆಳೆಸಿದ ಸನ್‌ಎಡಿಸನ್ 2016ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮನೆಗಳ ತಾರಸಿಯಲ್ಲಿ ದೊಡ್ಡದಾಗಿ ಬೆಳೆದಿದ್ದ ಸನ್ನೋವಾ 2025ರ ಜೂನ್‌ನಲ್ಲಿ ಅದೇ ದಾರಿ ಹಿಡಿಯಿತು. ಕಂಪನಿ ದಿವಾಳಿಯಾದರೆ ಒಪ್ಪಂದ ತಾನಾಗಿ ಸಾಯುವುದಿಲ್ಲ. ಅದನ್ನು ಬೇರೆಯವರು ಕೊಳ್ಳುತ್ತಾರೆ, ಬಿಲ್ ಬರುತ್ತಲೇ ಇರುತ್ತದೆ, ರಿಪೇರಿಯವರು ಮಾತ್ರ ಬರುವುದು ತಡವಾಗಬಹುದು. ಇಷ್ಟು ದಿನ ರಿಪೇರಿ ಆಗದಿದ್ದರೆ ಮಾಲೀಕರೇ ಬೇರೆಯವರಿಂದ ಮಾಡಿಸಿ ಖರ್ಚನ್ನು ಬಿಲ್‌ನಲ್ಲಿ ಮುರಿದುಕೊಳ್ಳಬಹುದು ಎಂಬ ಸಾಲು, ಮತ್ತು ವರ್ಷಕ್ಕೆ ಕನಿಷ್ಠ ಇಷ್ಟು ಯೂನಿಟ್ ಕೊಡಲೇಬೇಕು ಎಂಬ ಸಾಲು ಆಗ ಕೈ ಹಿಡಿಯುತ್ತವೆ.

ಕೊನೆಯದು ಇನ್ನೂ ಹುಟ್ಟದ ಯೂನಿಟ್. 7 ವರ್ಷ ಆದ ಮೇಲೆ ವರ್ಕ್‌ಶಾಪ್ ಮಾರಬೇಕಾಯಿತು, ಕೊಳ್ಳುವವರಿಗೆ ಈ ಒಪ್ಪಂದ ಬೇಡ ಅಂದುಕೊಳ್ಳಿ. 25 ವರ್ಷದ ಒಪ್ಪಂದದಲ್ಲಿ ಇನ್ನೂ 18 ವರ್ಷ ಬಾಕಿ. ಪ್ಯಾನೆಲ್ ಸವೆತ ಕಳೆದು ವರ್ಷಕ್ಕೆ 80,000 ಯೂನಿಟ್ ಎಂದು ಹಿಡಿದರೆ ಕಂಪನಿಯ ಆದಾಯ 52,000 ನಾಣ್ಯ, 18 ವರ್ಷಕ್ಕೆ 9,36,000. ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ ಒಟ್ಟಿಗೆ ಕೊಡಿ ಎನ್ನುತ್ತದೆ ಒಪ್ಪಂದ. ಇಳಿಸುವುದು ಎಷ್ಟು ಬಡ್ಡಿಯಲ್ಲಿ? ಶೇಕಡಾ 6 ಎಂದು ಬರೆದಿದ್ದರೆ ಸುಮಾರು 5,63,000 ನಾಣ್ಯ ಕೊಡಬೇಕು. ಶೇಕಡಾ 12 ಎಂದಿದ್ದರೆ 3,77,000. ಅನುಬಂಧದ ಯಾವುದೋ ಮೂಲೆಯಲ್ಲಿರುವ ಒಂದು ಅಂಕಿಗೆ 1,86,000 ನಾಣ್ಯದ ಬೆಲೆ. ವರ್ಷಕ್ಕೆ 4,350 ಉಳಿಸುತ್ತಿದ್ದ ಕಟ್ಟಡ ಅದು.

ಇನ್ನೂ ಒಂದು ವಿಷಯ. ಒಪ್ಪಂದ ಮುಂದುವರಿದರೆ ಕಂಪನಿಗೆ ಆಗುತ್ತಿದ್ದ ನಿರ್ವಹಣೆ, ವಿಮೆ, ಹೊಸ ಇನ್ವರ್ಟರ್‌ನ ಖರ್ಚು ಈಗ ಆಗುವುದಿಲ್ಲ. ಅದನ್ನು ಕಳೆಯದೆ ಬರೀ ಆದಾಯದ ಮೇಲೆ ಲೆಕ್ಕ ಹಾಕಿದ ಮೊತ್ತ ಹೆಚ್ಚೇ ಇರುತ್ತದೆ. ಇದಕ್ಕಿಂತ ಒಳ್ಳೆಯದು, ಯಾವ ವರ್ಷ ಬಿಟ್ಟರೆ ಎಷ್ಟು ಎಂದು ಮೊದಲೇ ಬರೆದಿಟ್ಟ ಒಂದು ಪಟ್ಟಿ. ಆ ಪಟ್ಟಿಯ ಮೊದಲ ವರ್ಷದ ಅಂಕಿಯನ್ನು, ಅಷ್ಟೇ ದೊಡ್ಡ ಹೊಸ ಘಟಕದ ಮಾರುಕಟ್ಟೆ ಬೆಲೆಯ ಪಕ್ಕ ಇಟ್ಟು ನೋಡಿ. ಎರಡು ಪಟ್ಟು ಇದ್ದರೆ ಸಹಿ ಹಾಕುವ ಮುಂಚೆಯೇ ಮಾತಾಡಬೇಕು. ಕಟ್ಟಡ ಕೊಂಡವರಿಗೆ ಒಪ್ಪಂದ ವರ್ಗಾಯಿಸಲು ಕಂಪನಿ ಸಕಾರಣವಿಲ್ಲದೆ ತಡೆಯುವಂತಿಲ್ಲ ಎಂಬ ಮಾತೂ ಅಲ್ಲೇ ಸೇರಲಿ.

ಅವಧಿ ಮುಗಿದ ಮೇಲೆ ಘಟಕವನ್ನು ಉಚಿತವಾಗಿ ಬಿಟ್ಟುಕೊಡುತ್ತೇವೆ ಎನ್ನುತ್ತಾರೆ. ವರ್ಷಕ್ಕೆ ಶೇಕಡಾ ಅರ್ಧದಷ್ಟು ಸವೆಯುವ ಒಳ್ಳೆಯ ಪ್ಯಾನೆಲ್ 25 ವರ್ಷದ ಮೇಲೂ ಮೂಲದ ಶೇಕಡಾ 88ರಷ್ಟು ಕೊಡುತ್ತದೆ. ಆದ್ದರಿಂದ ಅದು ನಿಜಕ್ಕೂ ಬೆಲೆಯುಳ್ಳದ್ದು. ಆದರೆ ಅಷ್ಟರಲ್ಲಿ ಮಧ್ಯದಲ್ಲಿ ಬದಲಿಸಿದ ಎರಡನೇ ಇನ್ವರ್ಟರ್‌ಗೂ ವಯಸ್ಸಾಗಿರುತ್ತದೆ. ಕೊನೆಯ ಎರಡು ಮೂರು ವರ್ಷ ಕಂಪನಿ ಅದಕ್ಕೆ ದುಡ್ಡು ಹಾಕಲು ಹಿಂದೇಟು ಹಾಕುವುದು ಸಹಜ. ಕೈಗೆ ಬರುವ ದಿನ ಘಟಕ ಇಷ್ಟು ಯೂನಿಟ್ ಕೊಡುತ್ತಿರಬೇಕು, ಇಬ್ಬರೂ ನಿಂತು ಪರೀಕ್ಷೆ ಮಾಡಬೇಕು ಎಂದು ಬರೆಸಿಕೊಳ್ಳಬೇಕು. ಮಾಲೀಕರಿಗೆ ಬೇಡವಾದರೆ ಪ್ಯಾನೆಲ್ ಇಳಿಸಿ, ಸಾಗಿಸಿ, ತಾರಸಿಯ ತೂತು ಮುಚ್ಚಿ ಕೊಡುವ ಖರ್ಚು ಕಂಪನಿಯದು ಎಂದೂ ಇರಬೇಕು. ಆ ಸಾಲು ಇಲ್ಲದಿದ್ದರೆ 60 ಕಿಲೋವ್ಯಾಟ್‌ನ ಗಾಜು, ಅಲ್ಯೂಮಿನಿಯಂ, ತಂತಿ ಎಲ್ಲವನ್ನೂ ಇಳಿಸುವ ಖರ್ಚು ಮಾಲೀಕರ ತಲೆಗೆ ಬರುತ್ತದೆ.